ಪೆರೋಟಿಡ್ಡಾ, ಸಬ್‌ಮ್ಯಾಂಡಿಬುಲರ್ರಾ? ಜೊಲ್ಲುಗ್ರಂಥಿಯ ಸ್ಲೈಡ್ ಗುರುತಿಸುವ ಕ್ರಮ

ಶಿವಮೊಗ್ಗದಲ್ಲಿ ಮೊದಲ ವರ್ಷದ ಮಕ್ಕಳಿಗೆ ಹಿಸ್ಟಾಲಜಿ ಪ್ರಾಕ್ಟಿಕಲ್ ಹೇಳಿಕೊಡುವುದು ನನ್ನ ಕೆಲಸ. ಪ್ರತಿ ಬ್ಯಾಚಿನಲ್ಲೂ ಜೊಲ್ಲುಗ್ರಂಥಿಯ ಸ್ಪಾಟರ್ ಬಂದಾಗ ಎರಡೇ ತಪ್ಪುಗಳು ಆಗುತ್ತವೆ. ಒಂದು, ಸಬ್‌ಮ್ಯಾಂಡಿಬುಲರ್ ಸ್ಲೈಡಿನಲ್ಲಿ ಕಣ್ಣಿಗೆ ಬಿದ್ದ ಮೊದಲ ಜಾಗ ಪೂರ್ತಿ ಸೀರಸ್ ಆಗಿರುತ್ತದೆ, ‘ಪೆರೋಟಿಡ್’ ಎಂದು ಬರೆದುಬಿಡುತ್ತಾರೆ. ಇನ್ನೊಂದು, ಪೆರೋಟಿಡ್ ಸ್ಲೈಡಿನಲ್ಲಿ ಬೆಳ್ಳಗಿನ ಕೊಬ್ಬಿನ ಕೋಶಗಳು ಕಾಣುತ್ತವೆ, ಅವನ್ನು ಮ್ಯೂಕಸ್ ಅಂದುಕೊಂಡು ‘ಸಬ್‌ಮ್ಯಾಂಡಿಬುಲರ್’ ಎಂದು ಬರೆಯುತ್ತಾರೆ. ಓದಿರುವುದಿಲ್ಲ ಎಂದಲ್ಲ. ವ್ಯತ್ಯಾಸ ಕೇಳಿದರೆ, ಸೀರಸ್ ಎಂದರೆ ನೀರಿನಂಥ ಜೊಲ್ಲು ಸುರಿಸುವ ಕೋಶ, ಮ್ಯೂಕಸ್ ಎಂದರೆ ಲೋಳೆ ಸುರಿಸುವ ಕೋಶ ಎಂದು ಪಟಪಟ ಹೇಳುತ್ತಾರೆ. ನೋಡುವ ಕ್ರಮ ತಪ್ಪಿರುತ್ತದೆ, ಅಷ್ಟೇ. ಹಾಗಾಗಿ ಇಲ್ಲಿ ಏನನ್ನು ಮೊದಲು ನೋಡಬೇಕು, ಏನನ್ನು ಆಮೇಲೆ ನೋಡಬೇಕು ಎನ್ನುವುದನ್ನೇ ಬಿಡಿಸಿ ಬರೆಯುತ್ತೇನೆ.

## ಕೈಯಲ್ಲಿ ಏನೇನು ಇರಬೇಕು

4, 10 ಮತ್ತು 40ರ ಲೆನ್ಸ್ ಇರುವ ಮೈಕ್ರೋಸ್ಕೋಪ್, ಎಚ್ ಅಂಡ್ ಇ ಬಣ್ಣ ಹಾಕಿದ ಸ್ಲೈಡ್, ಲೆನ್ಸ್ ಒರೆಸುವ ಪೇಪರ್. ರೆಕಾರ್ಡ್ ಪುಸ್ತಕಕ್ಕೆ ಗುಲಾಬಿ, ನೇರಳೆ ಎರಡು ತುದಿಯ ಪೆನ್ಸಿಲ್. 100ರ ಆಯಿಲ್ ಲೆನ್ಸ್ ಬೇಡವೇ ಬೇಡ.

## ಹಂತ 1: ಲೆನ್ಸ್ ಸರಿ ಇದೆಯೇ ನೋಡಿ

ನಮ್ಮ ಮಲೆನಾಡಿನ ಕಡೆ ಈ ಹಂತವನ್ನು ಬಿಡುವ ಹಾಗಿಲ್ಲ. ಮಳೆಗಾಲದ ಥಂಡಿಗೆ ಲೆನ್ಸಿನ ಮೇಲೂ ಬೂಷ್ಟು ಹಿಡಿಯುತ್ತದೆ. ಸಣ್ಣ ಎಳೆಗಳು ಜೇಡರ ಬಲೆಯ ಹಾಗೆ ಹರಡುತ್ತವೆ. ಅದರೊಳಗಿಂದ ನೋಡಿದರೆ ಇಡೀ ಸ್ಲೈಡೇ ಮಂಜು ಮಂಜಾಗಿ ಕಾಣುತ್ತದೆ. ಮಂಜಾದ ಚಿತ್ರದಲ್ಲಿ ಸೀರಸ್ ಕೋಶ ಕೂಡ ಮ್ಯೂಕಸ್ಸಿನಂತೆ ಮಾಸಲಾಗಿ ಕಾಣುತ್ತದೆ. ಯಾರೋ 100ರ ಲೆನ್ಸಿಗೆ ಎಣ್ಣೆ ಹಾಕಿ, ಹಾಗೇ 40ಕ್ಕೆ ತಿರುಗಿಸಿ ಹೋಗಿದ್ದರೂ ಇದೇ ಗತಿ.

ಪರೀಕ್ಷಿಸುವುದು ಸುಲಭ. 10ರಲ್ಲಿ ಚಿತ್ರ ಸ್ಪಷ್ಟವಾಗಿದ್ದು 40ರಲ್ಲಿ ಮಾತ್ರ ಮಸುಕಾದರೆ ತೊಂದರೆ 40ರ ಲೆನ್ಸಿನದ್ದು. ಆದರೆ 40ರಲ್ಲಿ ಫೋಕಸ್ಸೇ ಸಿಗದಿದ್ದರೆ ಸ್ಲೈಡ್ ತಲೆಕೆಳಗಾಗಿದೆ ಎಂದರ್ಥ. ಕವರ್‌ಸ್ಲಿಪ್ ಕೆಳಗೆ ಹೋಗಿದ್ದರೆ ಮಧ್ಯೆ ದಪ್ಪ ಗಾಜು ಬಂದು ಲೆನ್ಸಿಗೆ ಅಷ್ಟು ಹತ್ತಿರ ಹೋಗಲು ಆಗುವುದಿಲ್ಲ. ಆಗ ಫೈನ್ ಸ್ಕ್ರೂ ತಿರುಗಿಸುತ್ತಾ ಕೂರಬೇಡಿ, ಸ್ಲೈಡ್ ತೆಗೆದು ಮಗುಚಿ ಹಾಕಿ.

ಬೆಳಕಿನ ವಿಷಯ. ಐರಿಸ್ ಪೂರ್ತಿ ತೆರೆದಿಟ್ಟರೆ ಕೋಶಗಳ ನಡುವಿನ ಗೆರೆ ಬೆಳಕಿನಲ್ಲಿ ಅಳಿಸಿಹೋಗುತ್ತದೆ. ಸ್ವಲ್ಪ ಮುಚ್ಚಿ. ಮುಂದೆ ಆ ಗೆರೆಗಳೇ ಬೇಕು.

## ಹಂತ 2: 4ರ ಲೆನ್ಸಿನಲ್ಲಿ ಇಡೀ ಸ್ಲೈಡನ್ನು ಉತ್ತುಬಿಡಿ

ಹೆಚ್ಚಿನವರು ಸೋಲುವುದು ಇಲ್ಲೇ. ಸ್ಲೈಡ್ ಇಟ್ಟ ತಕ್ಷಣ 40ಕ್ಕೆ ಹೋಗಿಬಿಡುತ್ತಾರೆ.

ಗದ್ದೆ ಉಳುವಾಗ ಒಂದು ಬದುವಿನಿಂದ ಹೊರಟು, ತಿರುಗಿ, ಸಾಲಿನ ಪಕ್ಕಕ್ಕೇ ಸಾಲು ಹೊಡೆಯುತ್ತಾರಲ್ಲ, ಸ್ಲೈಡನ್ನೂ ಹಾಗೇ ಓಡಿಸಿ. ಎಡತುದಿಯಿಂದ ಬಲತುದಿ, ಒಂದಿಷ್ಟು ಕೆಳಗೆ, ಮತ್ತೆ ಎಡಕ್ಕೆ. ಅರ್ಧ ನಿಮಿಷ ಸಾಕು. ಈ ಓಟದಲ್ಲಿ ಹುಡುಕುವುದು ಒಂದನ್ನೇ: ನೇರಳೆ ಗುಲಾಬಿ ಹರವಿನ ನಡುವೆ ತೆಳು ಬಣ್ಣದ ಜಾಗಗಳು ಎಲ್ಲಿವೆ?

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮನುಷ್ಯರ ಸಬ್‌ಮ್ಯಾಂಡಿಬುಲರ್ ಗ್ರಂಥಿ ಮಿಕ್ಸೆಡ್ ಎಂದು ನಾವು ಕಲಿಯುತ್ತೇವೆ. ಕೇಳಿದವರಿಗೆ ಅರ್ಧಕ್ಕರ್ಧ ಇರಬೇಕು ಅನಿಸುತ್ತದೆ. ನಿಜದಲ್ಲಿ ಬಹುಪಾಲು ಸೀರಸ್ಸೇ. ಮ್ಯೂಕಸ್ ಇರುವುದು ಸುಮಾರು ಹತ್ತರಲ್ಲೊಂದು ಪಾಲು. ಅದೂ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪಾಗಿ ಇರುತ್ತದೆ. ಒಂದೇ ಜಾಗ ನೋಡಿ ತೀರ್ಮಾನಿಸಿದರೆ ಆ ಗುಂಪು ತಪ್ಪಿಹೋಗುವ ಸಾಧ್ಯತೆಯೇ ಜಾಸ್ತಿ.

ತೆಳು ಬಣ್ಣದ ಜಾಗ ಕಂಡಲ್ಲೆಲ್ಲ ಸ್ಟೇಜಿನ ಪಕ್ಕದ ಅಳತೆಪಟ್ಟಿಯ ಅಂಕಿ ಬರೆದುಕೊಳ್ಳಿ. ಇನ್ನೂ ಯಾವುದಕ್ಕೂ ಹೆಸರು ಕೊಡಬೇಡಿ.

## ಹಂತ 3: ಆ ಬಿಳಿ ಕೊಬ್ಬೋ, ಮ್ಯೂಕಸ್ಸೋ?

ಈಗ 10ರ ಲೆನ್ಸ್. ಗುರುತು ಹಾಕಿಕೊಂಡ ಜಾಗಕ್ಕೆ ಹೋಗಿ.

ಕೊಬ್ಬೂ ಬೆಳ್ಳಗೆ, ಮ್ಯೂಕಸ್ಸೂ ಬೆಳ್ಳಗೆ. ಆದರೆ ಬೆಳ್ಳಗಾದ ಬಗೆ ಬೇರೆ. ಸ್ಲೈಡ್ ತಯಾರಿಸುವಾಗ ಅಂಗಾಂಶ ಆಲ್ಕೋಹಾಲ್, ಕ್ಸೈಲೀನ್ ದಾಟಿ ಬರುತ್ತದೆ. ಅಷ್ಟರಲ್ಲಿ ಕೊಬ್ಬು ಪೂರ್ತಿ ಕರಗಿ ಹೋಗುತ್ತದೆ. ಉಳಿಯುವುದು ಬರೀ ಖಾಲಿ ಉಂಗುರ. ಒಳಗೆ ಏನೂ ಇಲ್ಲ, ತೊಳೆದಿಟ್ಟ ಗಾಜಿನಷ್ಟು ಶುಭ್ರ. ಮ್ಯೂಕಸ್ ಕೋಶದ ಲೋಳೆಯಲ್ಲಿ ಒಂದಿಷ್ಟು ಕಳೆದುಹೋಗುತ್ತದೆ, ಉಳಿದದ್ದು ಗುಲಾಬಿ ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಅಲ್ಲಿ ಖಾಲಿ ಇರುವುದಿಲ್ಲ, ಸೋಪಿನ ನೊರೆಯಂಥ ತೆಳು ಬಲೆ ಇರುತ್ತದೆ.

ಎರಡನೆಯ ಪರೀಕ್ಷೆ ಇದಕ್ಕಿಂತ ಗಟ್ಟಿ. ಬಿಳಿ ವೃತ್ತದ ಒಳಗೆ ಗೆರೆಗಳಿವೆಯೇ ನೋಡಿ. ಕೊಬ್ಬಿನ ವೃತ್ತ ಎಂದರೆ ಇಡಿಯಾಗಿ ಒಂದೇ ಕೋಶ. ಅಂಚಿನಲ್ಲಿ ಒಂದು ಒತ್ತಿಹೋದ ನ್ಯೂಕ್ಲಿಯಸ್ ಕಾಣಬಹುದು, ಎಷ್ಟೋ ಸಲ ಅದೂ ಕಾಣುವುದಿಲ್ಲ. ಅಸಿನಸ್ ಎಂದರೆ ಜೊಲ್ಲು ಸುರಿಸುವ ಕೋಶಗಳ ಗೊಂಚಲು. ಮ್ಯೂಕಸ್ ಅಸಿನಸ್ಸಿನ ವೃತ್ತದಲ್ಲಿ ಹಲವು ಕೋಶಗಳು ಸುತ್ತ ಕೂತಿರುತ್ತವೆ. ನಡುವೆ ಲುಮೆನ್, ಅಂದರೆ ಒಳಗಿನ ತೂತು, ಇರುತ್ತದೆ. ಕಿತ್ತಳೆ ಹಣ್ಣನ್ನು ಅಡ್ಡ ಕೊಯ್ದರೆ ತೊಳೆ ತೊಳೆ ಬಿಡಿಯಾಗಿ ಕಂಡು ನಡುವೆ ಸಣ್ಣ ಟೊಳ್ಳು ಉಳಿಯುತ್ತದಲ್ಲ, ಹಾಗೆ. ತೊಳೆ ಕಂಡರೆ ಮ್ಯೂಕಸ್. ತೊಳೆ ಇಲ್ಲದ ಖಾಲಿ ಉಂಗುರವಾದರೆ ಕೊಬ್ಬು.

ಇಲ್ಲಿ ಎಚ್ಚರ ತಪ್ಪಬಾರದ ಒಂದು ವಿಷಯ. ಪೆರೋಟಿಡ್ಡಿನಲ್ಲಿ ಕೊಬ್ಬಿನ ಕೋಶಗಳು ಅಸಿನೈಗಳ ಸಂದಿಯಲ್ಲೇ ಒಂದೊಂದಾಗಿ, ಎರಡೆರಡಾಗಿ ನುಸುಳಿಕೊಂಡಿರುತ್ತವೆ. ವಯಸ್ಸಾದಂತೆ ಹೆಚ್ಚಾಗುತ್ತವೆ. ವಯಸ್ಸಾದವರ ಪೆರೋಟಿಡ್ ಆದರೆ ಲೋಬ್ಯೂಲಿನ ತುಂಬಾ ಬಿಳಿ ತೂತುಗಳೇ ಕಾಣಬಹುದು. ಅಂಥ ಸ್ಲೈಡೇ ಜಾಸ್ತಿ ಮಕ್ಕಳನ್ನು ದಾರಿ ತಪ್ಪಿಸುವುದು.

## ಹಂತ 4: 40ಕ್ಕೆ ಹೋಗಿ, ನ್ಯೂಕ್ಲಿಯಸ್ಸಿನಿಂದ ಶುರು ಮಾಡಿ

ಬಣ್ಣದಿಂದ ಶುರು ಮಾಡಬೇಡಿ. ಹಳೆಯ ಸ್ಲೈಡುಗಳ ಬಣ್ಣ ಮಾಸಿರುತ್ತದೆ, ಕಿಟಕಿ ಪಕ್ಕ ಬಿಸಿಲಿಗೆ ಇಟ್ಟವು ಇನ್ನೂ ಬೇಗ ಮಾಸುತ್ತವೆ. ಮಾಸಿದ ಸ್ಲೈಡಿನಲ್ಲಿ ಸೀರಸ್ ಕೂಡ ಬಿಳಿಚಿಕೊಂಡಿರುತ್ತದೆ. ಆದರೆ ನ್ಯೂಕ್ಲಿಯಸ್ಸಿನ ಆಕಾರ, ಅದು ಕೂತ ಜಾಗ ಬದಲಾಗುವುದಿಲ್ಲ.

ಸೀರಸ್. ನ್ಯೂಕ್ಲಿಯಸ್ ದುಂಡಗಿರುತ್ತದೆ. ಕೋಶದ ಬುಡದ ಕಡೆಗಿದ್ದರೂ ಗೋಡೆಗೆ ಒತ್ತಿರುವುದಿಲ್ಲ, ಅದರ ಕೆಳಗೂ ಒಂದಿಷ್ಟು ಜಾಗ ಇರುತ್ತದೆ. ಬುಡ ನೇರಳೆ, ತುದಿ ಗುಲಾಬಿ. ಬುಡದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮುಗಳು ಕಿಕ್ಕಿರಿದಿರುತ್ತವೆ, ಅವು ಹೆಮಟಾಕ್ಸಿಲಿನ್ ಹಿಡಿಯುತ್ತವೆ. ತುದಿಯಲ್ಲಿ ಎಂಜೈಮ್ ತುಂಬಿದ ಕಾಳುಗಳು, ಅವು ಇಯೋಸಿನ್ ಹಿಡಿಯುತ್ತವೆ. ಫೈನ್ ಸ್ಕ್ರೂವನ್ನು ಸುಮ್ನೆ ಹಿಂದೆ ಮುಂದೆ ಆಡಿಸಿದರೆ ರವೆ ಚೆಲ್ಲಿದ ಹಾಗೆ ಕಾಳು ಕಾಳಾಗಿ ಕಾಣುತ್ತದೆ. ಅಸಿನಸ್ ಚಿಕ್ಕದು, ದುಂಡಗಿನದು. ಲುಮೆನ್ ಎಷ್ಟು ಸಣ್ಣದೆಂದರೆ ಹುಡುಕಿದರೂ ಎಷ್ಟೋ ಸಲ ಸಿಗುವುದಿಲ್ಲ. ಕೋಶಕ್ಕೂ ಕೋಶಕ್ಕೂ ನಡುವಿನ ಗೆರೆ ಮಸುಕು.

ಮ್ಯೂಕಸ್. ನ್ಯೂಕ್ಲಿಯಸ್ ಚಪ್ಪಟೆ. ಲೋಳೆಯ ಹನಿಗಳು ಕೋಶದ ತುಂಬಾ ತುಂಬಿ ಅದನ್ನು ಬುಡದ ಗೋಡೆಗೆ ಒತ್ತಿಬಿಟ್ಟಿರುತ್ತವೆ. ಉಗುರಿನಿಂದ ಒತ್ತಿದ ಗುರುತಿನ ಹಾಗೆ ಸಣ್ಣ ಕಪ್ಪು ಗೆರೆಯಾಗಿ ಕಾಣುತ್ತದೆ. ಕೋಶದ ಗೆರೆಗಳು ಸ್ಪಷ್ಟ, ಲುಮೆನ್ ಅಗಲ. ದುಂಡಗಿರುವುದಕ್ಕಿಂತ ಉದ್ದಕ್ಕೆ ಕೊಳವೆಯ ಹಾಗಿರುವುದೂ ಉಂಟು.

ಈಗ ಇಲ್ಲಿಯ ತಪ್ಪು. ಅಸಿನಸ್ ಒಂದು ಸಣ್ಣ ಗೋಲಿ ಎಂದುಕೊಳ್ಳಿ. ಕತ್ತಿ ಅದರ ನಡುವೆಯೇ ಹಾದಿರಬೇಕು ಎಂದೇನಿಲ್ಲ. ಬುಡಕ್ಕೆ ಹತ್ತಿರ ಸವರಿಕೊಂಡು ಹೋಗಿದ್ದರೆ ಲುಮೆನ್ನೇ ಇಲ್ಲದ ನೇರಳೆ ಮುದ್ದೆ ಕಾಣುತ್ತದೆ. ಮ್ಯೂಕಸ್ ಕೋಶಗಳ ಮೇಲ್ಭಾಗ ಮಾತ್ರ ಕತ್ತರಿಸಿದ್ದರೆ ನ್ಯೂಕ್ಲಿಯಸ್ಸೇ ಇಲ್ಲದ ಬಿಳಿ ತುಂಡು ಸಿಗುತ್ತದೆ. ಇವೆರಡನ್ನೂ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಸುತ್ತಲೂ ನ್ಯೂಕ್ಲಿಯಸ್ಸುಗಳು ಉಂಗುರವಾಗಿ ಕಾಣುವ ಅಸಿನಸ್ಸನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ಪ್ರಕಾರ ಈ ಒಂದು ನಿಯಮ ಪಾಲಿಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

## ಹಂತ 5: ಡೆಮಿಲ್ಯೂನ್ ಹುಡುಕುವುದು

ಮಿಕ್ಸೆಡ್ ಅಸಿನಸ್ ಎಂದರೆ ಮ್ಯೂಕಸ್ ಕೋಶಗಳ ಗುಂಪಿನ ಬುಡಕ್ಕೆ ಸೀರಸ್ ಕೋಶಗಳು ಅರ್ಧಚಂದ್ರದ ಹಾಗೆ ಟೋಪಿ ಹಾಕಿರುವುದು. ಆ ಟೋಪಿಯೇ ಡೆಮಿಲ್ಯೂನ್. ಸೀರಸ್ ಹರವಿನ ನಡುವೆ ಇದನ್ನು ಹುಡುಕಬೇಡಿ. ಮ್ಯೂಕಸ್ ಗುಂಪು ಸಿಕ್ಕಿದೆಯಲ್ಲ, ಅದರ ಅಂಚಿನಲ್ಲೇ ಹುಡುಕಿ.

ಸುಳ್ಳು ಡೆಮಿಲ್ಯೂನ್ ಕೂಡ ಇರುತ್ತದೆ. ಮ್ಯೂಕಸ್ ಅಸಿನಸ್ಸಿಗೆ ತಾಗಿಕೊಂಡು ಬೇರೊಂದು ಸೀರಸ್ ಅಸಿನಸ್ ಬಿದ್ದಿದ್ದು, ಅದು ಓರೆಯಾಗಿ ಕತ್ತರಿಸಿಹೋಗಿದ್ದರೆ ಟೋಪಿಯಂತೆಯೇ ಕಾಣುತ್ತದೆ. ಬೇರೆ ಮಾಡುವುದು ಹೀಗೆ. ನೇರಳೆ ಭಾಗಕ್ಕೂ ಬಿಳಿ ಭಾಗಕ್ಕೂ ನಡುವೆ ಗುಲಾಬಿ ಎಳೆಯೋ ತೆಳು ಬಿರುಕೋ ಇದೆಯೇ ನೋಡಿ. ಇದ್ದರೆ ಅವು ಎರಡು ಬೇರೆ ಅಸಿನೈ. ನಿಜವಾದ ಡೆಮಿಲ್ಯೂನ್ ಮತ್ತು ಅದರ ಮ್ಯೂಕಸ್ ಕೋಶಗಳು ಒಂದೇ ಹೊರಗೆರೆಯ ಒಳಗೆ ಇರುತ್ತವೆ. ಅರ್ಧಚಂದ್ರದ ಒಳಬಾಗು ಬಿಳಿ ಕೋಶಗಳನ್ನು ಅಪ್ಪಿಕೊಂಡಿರುತ್ತದೆ.

ಒಂದು ಮಾತು ಸೇರಿಸುತ್ತೇನೆ. ಅಂಗಾಂಶವನ್ನು ಅತಿ ವೇಗವಾಗಿ ಹೆಪ್ಪುಗಟ್ಟಿಸಿ ತಯಾರಿಸಿದಾಗ ಈ ಟೋಪಿ ಕಾಣುವುದಿಲ್ಲ. ಸೀರಸ್ ಕೋಶಗಳು ಮ್ಯೂಕಸ್ ಕೋಶಗಳ ಸಾಲಿನಲ್ಲೇ ಲುಮೆನ್ನಿನ ಸುತ್ತ ಕೂತಿರುತ್ತವೆ. ಮಾಮೂಲಿ ಫಿಕ್ಸಿಂಗ್ ಮಾಡುವಾಗ ಮ್ಯೂಕಸ್ ಕೋಶಗಳು ಉಬ್ಬಿ ಸೀರಸ್ ಕೋಶಗಳನ್ನು ಹೊರಕ್ಕೆ ತಳ್ಳುತ್ತವೆ. ಅಂದರೆ ನಾವು ನೋಡುವ ಅರ್ಧಚಂದ್ರ ಬಹುಮಟ್ಟಿಗೆ ತಯಾರಿಕೆಯಿಂದ ಆದದ್ದು. ಆದರೂ ಗುರುತಿಗೆ ಅದು ನಂಬಿಕಸ್ಥ ಚಿಹ್ನೆ, ಯಾಕೆಂದರೆ ಎರಡೂ ಜಾತಿಯ ಕೋಶ ಒಟ್ಟಿಗಿದ್ದಲ್ಲಿ ಮಾತ್ರ ಅದು ಹುಟ್ಟುತ್ತದೆ.

## ಹಂತ 6: ಡಕ್ಟುಗಳನ್ನು ಸಾಕ್ಷಿಯಾಗಿ ಮಾತ್ರ ಬಳಸಿ

ಸ್ಟ್ರೈಯೇಟೆಡ್ ಡಕ್ಟ್ ಕಣ್ಣಿಗೆ ಬೇಗ ಬೀಳುತ್ತದೆ. ಅಚ್ಚ ಗುಲಾಬಿ ಬಣ್ಣ, ಎತ್ತರದ ಕೋಶಗಳು, ನ್ಯೂಕ್ಲಿಯಸ್ ಹೆಚ್ಚುಕಡಿಮೆ ನಡುವೆ, ತೆರೆದ ಲುಮೆನ್. ಐರಿಸ್ ಸ್ವಲ್ಪ ಮುಚ್ಚಿದರೆ ಬುಡದಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಇಂಟರ್ಕಲೇಟೆಡ್ ಡಕ್ಟ್ ಬಡಪಾಯಿ. ಅಸಿನಸ್ಸಿಗಿಂತ ಸಣ್ಣದು, ಗಿಡ್ಡ ಕೋಶಗಳು, ಸಂದಿಯಲ್ಲಿ ಅಡಗಿರುತ್ತದೆ.

ಪೆರೋಟಿಡ್ಡಿನಲ್ಲಿ ಇಂಟರ್ಕಲೇಟೆಡ್ ಉದ್ದ, ಹಾಗಾಗಿ ಕತ್ತರಿಸಿದಾಗ ಪದೇ ಪದೇ ಸಿಗುತ್ತದೆ. ಸಬ್‌ಮ್ಯಾಂಡಿಬುಲರಿನಲ್ಲಿ ಅದು ಗಿಡ್ಡ, ಸ್ಟ್ರೈಯೇಟೆಡ್ ಉದ್ದ. ಇಷ್ಟನ್ನು ಓದಿ ‘ಸ್ಟ್ರೈಯೇಟೆಡ್ ಕಂಡಿತು, ಹಾಗಾದರೆ ಸಬ್‌ಮ್ಯಾಂಡಿಬುಲರ್’ ಎನ್ನುವವರಿದ್ದಾರೆ. ತಪ್ಪು. ಪೆರೋಟಿಡ್ಡಿನಲ್ಲೂ ಸ್ಟ್ರೈಯೇಟೆಡ್ ಧಾರಾಳವಾಗಿ ಇರುತ್ತದೆ. ಡಕ್ಟಿನ ಲೆಕ್ಕ ನಿಮ್ಮ ತೀರ್ಮಾನಕ್ಕೆ ಬಲ ಕೊಡಬಹುದು, ತೀರ್ಮಾನವನ್ನೇ ಮಾಡಲಾರದು.

## ಹಂತ 7: ಈಗ ಹೆಸರು ಬರೆಯಿರಿ

ನಿಜವಾದ ಮ್ಯೂಕಸ್ ಗುಂಪು ಒಂದಾದರೂ ಸಿಕ್ಕಿ, ಉಳಿದದ್ದೆಲ್ಲ ಸೀರಸ್ ಆಗಿದ್ದರೆ ಸಬ್‌ಮ್ಯಾಂಡಿಬುಲರ್. ಇಡೀ ಸ್ಲೈಡ್ ಉತ್ತರೂ ಮ್ಯೂಕಸ್ ಸಿಗದೆ, ಸಂದಿಯಲ್ಲಿ ಕೊಬ್ಬು, ಅಲ್ಲಲ್ಲಿ ಇಂಟರ್ಕಲೇಟೆಡ್ ಡಕ್ಟ್ ಕಂಡರೆ ಪೆರೋಟಿಡ್. ಜೊತೆಗೆ ಲಿಂಫ್ ನೋಡ್ ತುಂಡೋ, ದಪ್ಪ ನರದ ಕಟ್ಟೋ ಗ್ರಂಥಿಯ ಒಳಗೇ ಕಂಡರೆ ಪೆರೋಟಿಡ್ ಎನ್ನಲು ಇನ್ನಷ್ಟು ಬಲ. ಫೇಶಿಯಲ್ ನರ ಅದರೊಳಗೇ ಹಾದುಹೋಗುತ್ತದೆ. ಮ್ಯೂಕಸ್ಸೇ ಹೆಚ್ಚಾಗಿ, ಸ್ಟ್ರೈಯೇಟೆಡ್ ಡಕ್ಟ್ ಸಿಗುವುದೇ ಕಷ್ಟವಾದರೆ ಅದು ಇವೆರಡೂ ಅಲ್ಲ, ಸಬ್‌ಲಿಂಗ್ವಲ್.

ತೀರಾ ಚಿಕ್ಕ ತುಂಡಾಗಿದ್ದು ಮ್ಯೂಕಸ್ ಸಿಗಲಿಲ್ಲ ಎಂದರೆ ‘ಪೆರೋಟಿಡ್’ ಎನ್ನುವ ಉತ್ತರ ಅಷ್ಟು ಗಟ್ಟಿಯಲ್ಲ. ಸಬ್‌ಮ್ಯಾಂಡಿಬುಲರಿನ ಸೀರಸ್ ಮೂಲೆಯಿಂದಲೇ ಆ ತುಂಡು ಬಂದಿರಬಹುದು. ಇನ್ನೊಂದು, ಈ ಲೆಕ್ಕವೆಲ್ಲ ಮನುಷ್ಯರ ಗ್ರಂಥಿಯದ್ದು. ನಾಯಿಯ ಸಬ್‌ಮ್ಯಾಂಡಿಬುಲರಿನಲ್ಲಿ ಮ್ಯೂಕಸ್ಸೇ ಜಾಸ್ತಿ. ಸ್ಲೈಡಿನ ಚೀಟಿಯಲ್ಲಿ ಪ್ರಾಣಿಯ ಹೆಸರಿದ್ದರೆ ಮೊದಲೇ ಓದಿಕೊಳ್ಳಿ.

## ಒಂದು ಮಧ್ಯಾಹ್ನದ ಎರಡು ಸ್ಲೈಡ್

ಪುಷ್ಯ ಮಳೆ ಹಿಡಿದಿದ್ದ ವಾರ. ಕರೆಂಟ್ ಹೋಗಿತ್ತು. ಕನ್ನಡಿ ಇರುವ ಹಳೆಯ ಮೈಕ್ರೋಸ್ಕೋಪುಗಳನ್ನು ಕಿಟಕಿ ಹತ್ತಿರ ಸಾಲಾಗಿ ಇಟ್ಟು, ಮೋಡದ ಬೆಳಕಿನಲ್ಲೇ ಕ್ಲಾಸ್ ನಡೆಸುತ್ತಿದ್ದೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಎರಡೇ ನಿಮಿಷದಲ್ಲಿ ಕೈ ಎತ್ತಿದಳು. “ಮೇಡಂ, ಪೆರೋಟಿಡ್. ಎಲ್ಲಾ ಸೀರಸ್ಸೇ ಇದೆ.”

ನಾನು ಕೂತು ನೋಡಿದೆ. 40ರ ಲೆನ್ಸ್ ಸ್ಲೈಡಿನ ನಡುಮಧ್ಯೆ ನಿಂತಿತ್ತು. ಅವಳು ಹೇಳಿದ್ದು ಸುಳ್ಳಲ್ಲ. ಆ ಜಾಗದಲ್ಲಿ ದುಂಡು ನ್ಯೂಕ್ಲಿಯಸ್ಸಿನ ಸೀರಸ್ ಬಿಟ್ಟರೆ ಬೇರೇನೂ ಇರಲಿಲ್ಲ. “ಎಷ್ಟು ಜಾಗ ನೋಡಿದೆಯಮ್ಮಾ?” ಎಂದೆ. “ಇದೊಂದೇ ಮೇಡಂ.”

4ಕ್ಕೆ ಇಳಿಸಿ ಓಡಿಸಲು ಹೇಳಿದೆ. ಮೊದಲ ಎರಡು ಲೋಬ್ಯೂಲಿನಲ್ಲಿ ಏನೂ ಸಿಗಲಿಲ್ಲ. ಸ್ಟ್ರೈಯೇಟೆಡ್ ಡಕ್ಟುಗಳು ಮಾತ್ರ ಎದ್ದು ಕಾಣುತ್ತಿದ್ದವು, ಒಂದೊಂದು ಲೋಬ್ಯೂಲಿನಲ್ಲೂ ಮೂರು ನಾಲ್ಕು. ಮೂರನೆಯ ಸಾಲಿನಲ್ಲಿ, ಅಂಚಿಗೆ ಹತ್ತಿರ, ಹಾಲು ಚೆಲ್ಲಿದಂಥ ಒಂದು ಮಚ್ಚೆ. 10ರಲ್ಲಿ ಅದು ಆರೇಳು ಅಸಿನೈಗಳ ಗುಂಪಾಯಿತು. 40ರಲ್ಲಿ ತೊಳೆ ತೊಳೆಯಾದ ಕೋಶಗಳು, ಅಗಲ ಲುಮೆನ್, ಬುಡಕ್ಕೆ ಒತ್ತಿದ ನ್ಯೂಕ್ಲಿಯಸ್. ಅವುಗಳಲ್ಲಿ ಎರಡಕ್ಕೆ ನೇರಳೆ ಟೋಪಿ. ಒಂದರಲ್ಲಿ ನಡುವೆ ಗುಲಾಬಿ ಎಳೆ ಹಾದುಹೋಗಿತ್ತು, ಅದನ್ನು ಬಿಟ್ಟೆವು. ಇನ್ನೊಂದು ಒಂದೇ ಹೊರಗೆರೆಯೊಳಗೆ ಇತ್ತು. ಅವಳು ತಾನೇ ಪೆರೋಟಿಡ್ ಎಂದು ಬರೆದಿದ್ದನ್ನು ಹೊಡೆದುಹಾಕಿದಳು.

ಮುಂದಿನ ಸ್ಲೈಡಿನಲ್ಲಿ ಅವಳು ಮಚ್ಚೆ ಹುಡುಕುವ ಹುರುಪಿನಲ್ಲಿದ್ದಳು. 4ರಲ್ಲೇ ಎಲ್ಲೆಲ್ಲೂ ಬಿಳಿ. “ಮೇಡಂ, ಇದೂ ಸಬ್‌ಮ್ಯಾಂಡಿಬುಲರ್. ಮ್ಯೂಕಸ್ ತುಂಬಾ ಇದೆ.” ನಾನು ಉತ್ತರ ಹೇಳಲಿಲ್ಲ, “ತೊಳೆ ಎಣಿಸು” ಎಂದೆ. ಒಂದು ಬಿಳಿ ವೃತ್ತಕ್ಕೆ ಹೋದಳು, ಗೆರೆ ಇಲ್ಲ. ಪಕ್ಕದ್ದಕ್ಕೆ ಹೋದಳು, ಅಲ್ಲೂ ಇಲ್ಲ. ಐದಾರು ನೋಡಿದ ಮೇಲೆ ತಲೆ ಎತ್ತಿ, “ಎಲ್ಲಾ ಖಾಲಿ ಮೇಡಂ. ಕೊಬ್ಬು ಅಲ್ವಾ?” ಎಂದಳು. ಆಮೇಲೆ ಅವಳೇ ಅಸಿನೈಗಳ ಸಂದಿಯಲ್ಲಿ ಎರಡು ಇಂಟರ್ಕಲೇಟೆಡ್ ಡಕ್ಟ್ ತೋರಿಸಿದಳು. ಅದು ಪೆರೋಟಿಡ್.

## ಇವು ಕಂಡರೆ ನಿಲ್ಲಿಸಿ

ಎಲ್ಲಾ ಸೀರಸ್, ಆದರೆ ಇಡೀ ಸ್ಲೈಡಿನಲ್ಲಿ ಒಂದೂ ಸ್ಟ್ರೈಯೇಟೆಡ್ ಡಕ್ಟ್ ಇಲ್ಲವೇ? ಹಾಗಾದರೆ ಅದು ಪೆರೋಟಿಡ್ ಅಲ್ಲದಿರಬಹುದು. ಅಸಿನೈಗಳ ನಡುವೆ ತೆಳು ಬಣ್ಣದ ದುಂಡು ದ್ವೀಪಗಳನ್ನು ಹುಡುಕಿ. ಅವು ಸಿಕ್ಕಿ, ಕೆಲವು ಅಸಿನಸ್ಸಿನ ನಡುವೆಯೂ ಮಸುಕಾದ ನ್ಯೂಕ್ಲಿಯಸ್ ಕಂಡರೆ ಅದು ಪ್ಯಾಂಕ್ರಿಯಾಸ್. ದ್ವೀಪದ ಕೋಶಗಳ ನಡುವೆ ಲುಮೆನ್ ಇರುವುದಿಲ್ಲ, ಸಣ್ಣ ರಕ್ತನಾಳಗಳಿರುತ್ತವೆ. ಅದನ್ನು ಮ್ಯೂಕಸ್ ಗುಂಪೆಂದು ತಿಳಿದು ಸಬ್‌ಮ್ಯಾಂಡಿಬುಲರ್ ಎಂದು ಬರೆದವರೂ ಇದ್ದಾರೆ. ಸ್ಟ್ರೈಯೇಟೆಡ್ ಡಕ್ಟ್ ಇಲ್ಲದೆ, ಸೀರಸ್ ಅಸಿನೈಗಳಿಗೆ ಅಗಲ ಲುಮೆನ್ ಇದ್ದರೆ ಕಣ್ಣೀರಿನ ಗ್ರಂಥಿ ಇರಬಹುದು.

## ರೆಕಾರ್ಡಿನಲ್ಲಿ ಬಿಡಿಸುವಾಗ

ಸಬ್‌ಮ್ಯಾಂಡಿಬುಲರ್ ಚಿತ್ರದಲ್ಲಿ ಮ್ಯೂಕಸ್ಸನ್ನೇ ತುಂಬಬೇಡಿ. ಹತ್ತು ಅಸಿನೈ ಬಿಡಿಸಿದರೆ ಎಂಟೊಂಬತ್ತು ಸೀರಸ್ ಇರಲಿ. ಉಳಿದವು ಮ್ಯೂಕಸ್, ಅದರಲ್ಲಿ ಒಂದಕ್ಕೆ ಡೆಮಿಲ್ಯೂನ್. ಮ್ಯೂಕಸ್ ಕೋಶದ ಒಳಗೆ ಪೆನ್ಸಿಲ್ ಆಡಿಸದೆ ಹಾಳೆಯ ಬಿಳಿಯನ್ನೇ ಬಿಡಿ. ನ್ಯೂಕ್ಲಿಯಸ್ಸಿಗೆ ನೇರಳೆ ತುದಿಯಿಂದ ಬುಡಕ್ಕೆ ಅಂಟಿದಂತೆ ಒಂದು ಗಿಡ್ಡ ಗೆರೆ ಸಾಕು. ಸೀರಸ್ ಕೋಶಕ್ಕೆ ಬುಡದಿಂದ ಅರ್ಧದವರೆಗೆ ನೇರಳೆ, ಮೇಲಕ್ಕೆ ಗುಲಾಬಿ, ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಳು.

ಸ್ಪಾಟರ್‌ನಲ್ಲಿ ಎರಡು ಕಾರಣ ಬರೆಯಲು ಹೇಳಿದಾಗ ‘ಸೀರಸ್ ಮತ್ತು ಮ್ಯೂಕಸ್ ಅಸಿನೈ ಇವೆ’ ಎಂದಷ್ಟೇ ಬರೆದರೆ ಅದು ಸಬ್‌ಲಿಂಗ್ವಲ್ಲಿಗೂ ಒಪ್ಪುತ್ತದೆ. ‘ಸೀರಸ್ ಹೆಚ್ಚು, ಮ್ಯೂಕಸ್ ಕಡಿಮೆ, ಡೆಮಿಲ್ಯೂನ್ ಇದೆ’ ಎನ್ನುವುದು ಒಂದು ಕಾರಣ. ‘ಸ್ಟ್ರೈಯೇಟೆಡ್ ಡಕ್ಟ್ ಎದ್ದು ಕಾಣುತ್ತದೆ’ ಎನ್ನುವುದು ಎರಡನೆಯದು. ಪೆರೋಟಿಡ್ಡಿಗಾದರೆ ‘ಅಸಿನೈ ಎಲ್ಲಾ ಸೀರಸ್’ ಎಂಬುದರ ಜೊತೆ ‘ಸಂದಿಯಲ್ಲಿ ಕೊಬ್ಬಿನ ಕೋಶಗಳಿವೆ’ ಎಂದು ಬರೆಯಿರಿ. ಚಿತ್ರದಲ್ಲೂ ಆ ಕೊಬ್ಬನ್ನು ಒಂದೇ ಗೆರೆಯ ಖಾಲಿ ಉಂಗುರವಾಗಿ ಬಿಡಿಸಿ.